95 ಲಕ್ಷವೋ, 22 ಲಕ್ಷವೋ, 39 ಲಕ್ಷವೋ: ಒಂದೇ ಉಳಿತಾಯಕ್ಕೆ ಮೂರು ಲೆಕ್ಕ

ಹೋದ ವರ್ಷ ಮನೆಗೆ ಬಂದಿದ್ದ ಏಜೆಂಟರೊಬ್ಬರು ಒಂದು ಹಾಳೆ ಕೊಟ್ಟು ಹೋದರು. ವರ್ಷಕ್ಕೆ 1,20,000 ರೂಪಾಯಿ ಕಟ್ಟಿ, 8% ಬೆಳೆದರೆ 25 ವರ್ಷದಲ್ಲಿ 94.7 ಲಕ್ಷ ಎಂದು ಅದರಲ್ಲಿತ್ತು. ನನಗೀಗ 35. ಅರವತ್ತಕ್ಕೆ ಹತ್ತಿರ ಹತ್ತಿರ ಒಂದು ಕೋಟಿ! ಆ ರಾತ್ರಿ ನಾನೂ ಮನೆಯವರೂ ತುಂಬಾ ಖುಷಿಯಲ್ಲಿದ್ದೆವು. ಹಾಳೆಯಲ್ಲಿ ಬೆಲೆ ಏರಿಕೆಯ ಮಾತೇ ಇಲ್ಲ ಅಂತ ಹೊಳೆದದ್ದು ಮರುದಿನ.

ಆಮೇಲೆ ಅದೇ ಉಳಿತಾಯವನ್ನು ಮೂರು ಬಗೆಯಲ್ಲಿ ಲೆಕ್ಕ ಹಾಕಿ ನೋಡಿದೆ. ಮೂರಕ್ಕೂ ಅಂಕಿಗಳು ಒಂದೇ: 8% ಬಡ್ಡಿ, 6% ಹಣದುಬ್ಬರ, 25 ವರ್ಷ, ಪ್ರತಿ ವರ್ಷದ ಶುರುವಿನಲ್ಲಿ 1,20,000. ಬಂದ ಉತ್ತರಗಳಿಗೆ ಮಾತ್ರ ಒಂದಕ್ಕೊಂದು ಸಂಬಂಧವೇ ಇರಲಿಲ್ಲ.

ಮೊದಲನೆಯದು ಏಜೆಂಟರ ಲೆಕ್ಕ. ಸ್ಪ್ರೆಡ್‌ಶೀಟಿನಲ್ಲಿ ಒಂದೇ ಸಾಲು:

```
=FV(8%,25,-120000,0,1)
```

ಉತ್ತರ 94,74,530. ಗಣಿತದಲ್ಲಿ ತಪ್ಪೇನೂ ಇಲ್ಲ. 25 ವರ್ಷದ ನಂತರ ಪಾಸ್‌ಬುಕ್ಕಿನಲ್ಲಿ ನಿಜಕ್ಕೂ ಇದೇ ಅಂಕಿ ಬರುತ್ತದೆ. ಆದರೆ ಅದು ಆಗಿನ ರೂಪಾಯಿ. ನಾವು ಓದುವುದು ಇವತ್ತಿನ ರೂಪಾಯಿ ಅಂದುಕೊಂಡು. ಈಗ 95 ಲಕ್ಷಕ್ಕೆ ಏನೇನು ಬರುತ್ತದೋ ಆಗಲೂ ಅಷ್ಟೇ ಬರುತ್ತದೆ ಅಂತ ಮನಸ್ಸು ಸುಮ್ನೆ ನಂಬಿಬಿಡುತ್ತದೆ.

ಎರಡನೆಯದು ಎಲ್ಲರೂ ಬಾಯಲ್ಲೇ ಹಾಕುವ ಲೆಕ್ಕ: 8ರಲ್ಲಿ 6 ಕಳೆದರೆ 2. ನೈಜ ಬೆಳವಣಿಗೆ 2% ಎಂದು ಹಿಡಿದು ಅದನ್ನೇ ಸೂತ್ರಕ್ಕೆ ಕೊಟ್ಟೆ. 39.2 ಲಕ್ಷ ಬಂತು. ಹೀಗೆ ಕಳೆಯುವುದು ಪೂರ್ತಿ ಸರಿಯಲ್ಲ, ಭಾಗಿಸಬೇಕು: 1.08 ÷ 1.06 ಅಂದರೆ ಸುಮಾರು 1.89%. ಅದನ್ನೂ ಹಾಕಿ ನೋಡಿದೆ.

```
=FV(1.08/1.06-1,25,-120000,0,1)
```

38.6 ಲಕ್ಷ. ಕಳೆದದ್ದಕ್ಕೂ ಭಾಗಿಸಿದ್ದಕ್ಕೂ 60 ಸಾವಿರದಷ್ಟು ವ್ಯತ್ಯಾಸ, ಅಷ್ಟೇ. ಹಾಗಾಗಿ ಈ ಉತ್ತರ ಗಟ್ಟಿ ಅಂದುಕೊಂಡೆ.

ಮೂರನೆಯ ದಾರಿಯಲ್ಲಿ ಬಡ್ಡಿಯನ್ನು ಮುಟ್ಟಲೇ ಇಲ್ಲ. ಏಜೆಂಟರ 94.7 ಲಕ್ಷವನ್ನೇ ತೆಗೆದುಕೊಂಡು, 25 ವರ್ಷದ ಬೆಲೆ ಏರಿಕೆಯಿಂದ ಒಂದೇ ಸಲ ಭಾಗಿಸಿದೆ.

```
=FV(8%,25,-120000,0,1)/1.06^25
```

22,07,552. ಇಪ್ಪತ್ತೆರಡು ಲಕ್ಷ! ಅದೇ ಬಡ್ಡಿ, ಅದೇ ಹಣದುಬ್ಬರ. ಹಾಗಿದ್ದರೆ 38.6 ಲಕ್ಷ ಎಲ್ಲಿಂದ ಬಂತು? ಎರಡು ದಿನ ಇದೇ ತಲೆಯಲ್ಲಿ ಕೊರೆಯುತ್ತಿತ್ತು.

ಉತ್ತರ ಕಟ್ಟುವ ಕಂತಿನಲ್ಲಿತ್ತು. ನೈಜ ಬಡ್ಡಿ ಹಾಕಿದ ಕೂಡಲೇ ಆ ಸೂತ್ರದಲ್ಲಿ ಎಲ್ಲವೂ ಇವತ್ತಿನ ರೂಪಾಯಿ ಆಗುತ್ತದೆ. ಕಂತು ಕೂಡ. ಅಂದರೆ ನಾನು ಪ್ರತಿ ವರ್ಷ *ಇವತ್ತಿನ ಬೆಲೆಯ* 1,20,000 ಕಟ್ಟುತ್ತೇನೆ ಎಂದು ಅದು ನಂಬಿಕೊಂಡಿದೆ. ಹಾಗೆ ಆಗಬೇಕಾದರೆ ಮುಂದಿನ ವರ್ಷ ನಾನು 1,27,200 ಕಟ್ಟಬೇಕು, ಅದರ ಮುಂದಿನ ವರ್ಷ ಇನ್ನೂ 6% ಜಾಸ್ತಿ. 25ನೇ ವರ್ಷಕ್ಕೆ ತಿಂಗಳ ಕಂತು 10,000 ಅಲ್ಲ, 40 ಸಾವಿರ ದಾಟಬೇಕು. ನಾನು ಕಟ್ಟುವುದು ಅದೇ 10,000. 25ನೇ ವರ್ಷದಲ್ಲಿ ಅದರ ಬೆಲೆ ಇವತ್ತಿನ 2,470 ರೂಪಾಯಿಯಷ್ಟೇ. ಬಡ್ಡಿಯ ಮೇಲೆ ಬೆಲೆ ಏರಿಕೆಯ ಪೆಟ್ಟು ಬೀಳುವುದು ಎಲ್ಲರಿಗೂ ಗೊತ್ತು. ಕಂತಿನ ಮೇಲೂ ಬೀಳುತ್ತದೆ ಅನ್ನುವುದನ್ನು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಹಾಗಾದರೆ ಯಾವ ಲೆಕ್ಕ ಹಿಡಿಯಬೇಕು? ನನ್ನ ಮಟ್ಟಿಗೆ ಅದು ಕಂತು ಏರುತ್ತದೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ. ಆರ್.ಡಿ., ಒಂದೇ ಮೊತ್ತದ ಎಸ್‌ಐಪಿ, ವಿಮೆಯ ಪ್ರೀಮಿಯಂ, ಪ್ರತಿ ವರ್ಷ ಅಷ್ಟೇ ಹಾಕುವ ಪಿಪಿಎಫ್, ಇವಕ್ಕೆಲ್ಲ ಮೂರನೆಯ ಲೆಕ್ಕವೇ ಸರಿ. ಇಪಿಎಫ್ ಬೇರೆ. ಅಲ್ಲಿ ಕಡಿತ ಮೂಲ ವೇತನ ಮತ್ತು ಡಿ.ಎ.ಯ 12%, ಸಂಬಳ ಏರಿದರೆ ಕಂತೂ ಏರುತ್ತದೆ. ಅದಕ್ಕೆ ಎರಡನೆಯ ಲೆಕ್ಕ ಹತ್ತಿರ ಬರುತ್ತದೆ. ಆದರೆ ಒಂದು ಎಚ್ಚರಿಕೆ. 2014ರಲ್ಲಿ 15,000 ರೂಪಾಯಿಗೆ ಏರಿಸಿದ ವೇತನ ಮಿತಿಯ ಮೇಲಷ್ಟೇ ಕೆಲವು ಕಡೆ ಪಿ.ಎಫ್. ಕಟ್ಟುತ್ತಾರೆ, ಅಂದರೆ ತಿಂಗಳಿಗೆ 1,800. ನನ್ನ ಹಳೆಯ ಕೆಲಸದಲ್ಲಿ ಹಾಗೇ ಇತ್ತು. ಸಂಬಳ ಏರುತ್ತಿದ್ದರೂ ಆ 1,800 ಅಲ್ಲಾಡಲಿಲ್ಲ. ಅದು ಹೆಸರಿಗೆ ಇಪಿಎಫ್, ಲೆಕ್ಕಕ್ಕೆ ಆರ್.ಡಿ. ಥರ. ಪೇಸ್ಲಿಪ್ ತೆಗೆದು ನೋಡಿದರೆ ನಿಮ್ಮದು ಯಾವುದು ಅಂತ ತಕ್ಷಣ ತಿಳಿಯುತ್ತದೆ.

ಇನ್ನೊಂದು ತಪ್ಪು ನಾನೇ ಮಾಡಿದೆ. ನಮ್ಮ ಮನೆ ಖರ್ಚು ಈಗ ತಿಂಗಳಿಗೆ 30,000. 25 ವರ್ಷಕ್ಕೆ 6% ಏರಿಸಿದರೆ 1,28,756. ಅದನ್ನು 22 ಲಕ್ಷದ ಪಕ್ಕ ಇಟ್ಟು ನೋಡಿದಾಗ ಇಡುಗಂಟು 17 ತಿಂಗಳಿಗೇ ಖಾಲಿ! ಎದೆ ಝಲ್ಲೆಂದಿತು. ಬೆಲೆ ಏರಿಕೆಯನ್ನು ಎರಡು ಸಲ ಲೆಕ್ಕ ಹಿಡಿದಿದ್ದೆ: ಇಡುಗಂಟನ್ನು ಇವತ್ತಿನ ರೂಪಾಯಿಗೆ ಇಳಿಸಿದ್ದೆ, ಖರ್ಚನ್ನು ಆಗಿನ ರೂಪಾಯಿಗೆ ಏರಿಸಿದ್ದೆ.

ಇದನ್ನು ಹಿಡಿಯಲು ಈಗ ಒಂದು ಸಣ್ಣ ತಾಳೆ ನೋಡುತ್ತೇನೆ. ಆಗಿನ ಇಡುಗಂಟನ್ನು ಆಗಿನ ಖರ್ಚಿನಿಂದ ಭಾಗಿಸಬೇಕು: 94,74,530 ÷ 1,28,756 = 73.6 ತಿಂಗಳು. ಇವತ್ತಿನ ರೂಪಾಯಿಯ ಇಡುಗಂಟನ್ನು ಇವತ್ತಿನ ಖರ್ಚಿನಿಂದ: 22,07,552 ÷ 30,000 = 73.6 ತಿಂಗಳು. ಎರಡೂ ಒಂದೇ ಬರಲೇಬೇಕು. ಬರದಿದ್ದರೆ ಎಲ್ಲೋ ಎರಡು ಥರದ ರೂಪಾಯಿ ಕಲೆಸಿಹೋಗಿದೆ. ತಿಂಗಳುಗಳಲ್ಲಿ ನೋಡುವುದು ನನಗೆ ಲಕ್ಷಗಳಿಗಿಂತ ಹೆಚ್ಚು ಹಿಡಿಸಿತು. ಆರು ವರ್ಷ ಚಿಲ್ಲರೆ ಅಂದಾಗ ಮನೆಯವರಿಗೂ ವಿವರಿಸುವ ಅಗತ್ಯ ಬೀಳಲಿಲ್ಲ. ನಿವೃತ್ತಿಯ ನಂತರ ಉಳಿದ ಹಣಕ್ಕೆ ಬರುವ ಬಡ್ಡಿ ಇದರಲ್ಲಿ ಸೇರಿಲ್ಲ, ಆಗ ಏರುವ ಖರ್ಚೂ ಸೇರಿಲ್ಲ. ಬಡ್ಡಿ 8%, ಏರಿಕೆ 6% ಆಗಿದ್ದರೆ ಒಂದು ಇನ್ನೊಂದನ್ನು ಬಹುಪಾಲು ನುಂಗಿಹಾಕುತ್ತದೆ, ಹಾಗಾಗಿ ಉತ್ತರ ಜಾಸ್ತಿ ಬದಲಾಗುವುದಿಲ್ಲ.

6% ಅನ್ನುವುದು ನನ್ನ ಊಹೆ. ರಿಸರ್ವ್ ಬ್ಯಾಂಕಿನ ಗುರಿ 4%, ಅದರ ಆಚೀಚೆ 2% ತನಕ ಬಿಡುವು ಇದೆ. ಆ ಬಿಡುವಿನ ಮೇಲಿನ ತುದಿಯನ್ನೇ ನಾನು ಹಿಡಿದದ್ದು, ಯಾಕೆಂದರೆ ನಮ್ಮ ಮನೆಯಲ್ಲಿ ಔಷಧಿ ಮತ್ತು ಶಾಲೆಯ ಫೀಸೇ ದೊಡ್ಡ ಖರ್ಚು. 4% ಹಾಕಿದರೆ 94.7 ಲಕ್ಷ ಇವತ್ತಿನ 35.5 ಲಕ್ಷ ಆಗುತ್ತದೆ, 7% ಹಾಕಿದರೆ 17.5 ಲಕ್ಷ. ಎರಡೂ ತುದಿಯಲ್ಲಿ ನೋಡದೆ ಒಂದೇ ಅಂಕಿಯನ್ನು ನಂಬಲು ನನಗೆ ಧೈರ್ಯವಿಲ್ಲ. ಬಡ್ಡಿಯ ಕಡೆಯೂ ಅಷ್ಟೇ. ಪಿಪಿಎಫ್‌ನ 7.1% ಹಾಕಿ 6%ರ ಎದುರು ಭಾಗಿಸಿದರೆ ನೈಜ ಬೆಳವಣಿಗೆ ಒಂದು ಪರ್ಸೆಂಟಿನ ಸುತ್ತಮುತ್ತ ನಿಲ್ಲುತ್ತದೆ.

ಏಜೆಂಟರ ಯೋಜನೆಗೆ ನಾನು ಸಹಿ ಹಾಕಲಿಲ್ಲ. ಅದರ ಕಂತು 25 ವರ್ಷವೂ ಒಂದೇ, ಏರಿಸಲು ದಾರಿ ಇರಲಿಲ್ಲ. ಬದಲಿಗೆ ಪ್ರತಿ ಏಪ್ರಿಲ್‌ನಲ್ಲಿ ಕಂತು 6% ಏರುವ ಎಸ್‌ಐಪಿ ಹಾಕಿದೆ. ಅಲ್ಲಿ 8% ಗ್ಯಾರಂಟಿ ಇಲ್ಲ, ಅದು ಗೊತ್ತಿದೆ. 8% ಸಿಕ್ಕರೆ, ಮೇಲಿನಂತೆ ವರ್ಷದ ಕಂತನ್ನೆಲ್ಲ ಶುರುವಿನಲ್ಲೇ ಕಟ್ಟಿದ ಹಾಗೆ ಹಿಡಿದರೆ, ಆಗ ಕೈಗೆ ಬರುವುದು 1.66 ಕೋಟಿ, ಇವತ್ತಿನ ಲೆಕ್ಕದಲ್ಲಿ ಆ 38.6 ಲಕ್ಷ, ಖರ್ಚಿಗೆ 128.7 ತಿಂಗಳು. ತಿಂಗಳು ತಿಂಗಳು ಕಟ್ಟುವುದರಿಂದ ನಿಜಕ್ಕೆ ಸ್ವಲ್ಪ ಕಡಿಮೆಯೇ ಬರುತ್ತದೆ. ಈ ಏಪ್ರಿಲ್‌ನಲ್ಲಿ ಮೊದಲ ಸಲ 10,600 ಕಟ್ ಆಯಿತು.