ಓಟಿಪಿ ಒಬ್ಬರ ಫೋನಿಗಷ್ಟೇ ಬರುತ್ತಿದ್ದ ಕಾಲದ ಕಥೆ

ಪೀಣ್ಯದಲ್ಲಿ ನಮ್ಮದೊಂದು ಪೌಡರ್ ಕೋಟಿಂಗ್ ಘಟಕವಿದೆ. ಕಚೇರಿಯಲ್ಲಿ ನಾವು ನಾಲ್ವರು. ಏಳು ವರ್ಷಗಳಿಂದ ಲೆಕ್ಕಪತ್ರವೆಲ್ಲ ಒಬ್ಬರೇ ಅಕೌಂಟೆಂಟರ ಕೈಯಲ್ಲಿತ್ತು. ಅವರು ಒಂದು ತಿಂಗಳೂ ತಪ್ಪಿಸಿದವರಲ್ಲ, ಆದ್ದರಿಂದ ಅವರು ಏನು ಮಾಡುತ್ತಾರೆಂದು ನಾವೂ ಕೇಳಿದವರಲ್ಲ.

ಒಂದು ತಿಂಗಳ 8ರಂದು ಅವರು ಬೈಕಿನಿಂದ ಬಿದ್ದು ಆಸ್ಪತ್ರೆ ಸೇರಿದರು, ಫೋನ್ ಪುಡಿಯಾಯಿತು. ಹಿಂದಿನ ತಿಂಗಳ ಮಾರಾಟದ ಬಿಲ್ಲುಗಳ ವಿವರ ಕೊಡುವ, 11ರೊಳಗೆ ಸಲ್ಲಿಸಬೇಕಾದ ಜಿಎಸ್‌ಟಿಆರ್-1ಕ್ಕೆ ಕೂತಾಗ ತಿಳಿದದ್ದೇನೆಂದರೆ, ನೋಂದಣಿ ನನ್ನ ಹೆಸರಿನಲ್ಲಿದ್ದರೂ ಪೋರ್ಟಲ್‌ನಲ್ಲಿದ್ದ ಮೊಬೈಲ್ ಮತ್ತು ಇಮೇಲ್ ಎರಡೂ ಅವರವು. ಪಾಸ್‌ವರ್ಡ್ ಬದಲಿಸಲೂ ಓಟಿಪಿ ಬೇಕು. ಕೊನೆಗೆ ನಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಗೆ ದಾಖಲೆಗಳ ಸಮೇತ ಅರ್ಜಿ ಕೊಟ್ಟು ನನ್ನ ಸಂಖ್ಯೆಯನ್ನು ಸೇರಿಸಿಕೊಳ್ಳುವ ಹೊತ್ತಿಗೆ 29 ಆಗಿತ್ತು. ಜಿಎಸ್‌ಟಿಆರ್-1 ಹೋಗದೆ, ತೆರಿಗೆ ಕಟ್ಟುವ ರಿಟರ್ನ್ ಆದ 3ಬಿ ಸಲ್ಲಿಸಲು ಬರುವುದಿಲ್ಲವಾದ್ದರಿಂದ 20ರ ಗಡುವೂ ದಾಟಿತ್ತು.

3ಬಿಯ ವಿಳಂಬ ಶುಲ್ಕ ದಿನಕ್ಕೆ 50 ರೂಪಾಯಿಯಂತೆ ಒಂಬತ್ತು ದಿನಕ್ಕೆ 450 ರೂಪಾಯಿ, ಅದರ ಜೊತೆಗೆ ತಡವಾಗಿ ಕಟ್ಟಿದ ತೆರಿಗೆಗೆ ವರ್ಷಕ್ಕೆ ಶೇ 18ರ ಬಡ್ಡಿ. ಇದನ್ನು ಕಟ್ಟಿ ಮರೆಯಬಹುದಿತ್ತು. ಪೆಟ್ಟು ಬಿದ್ದದ್ದು ಬೇರೆ ಕಡೆ. ಗಿರಾಕಿಗೆ ಯಾವ ಖರೀದಿಯ ತೆರಿಗೆ ಕ್ರೆಡಿಟ್ ಸಿಗುತ್ತದೆಂದು ತೋರಿಸುವ, 14ರಂದು ತಯಾರಾಗುವ 2ಬಿ ಪಟ್ಟಿಯಲ್ಲಿ ನಮ್ಮ ಬಿಲ್ಲುಗಳು ಕಾಣಿಸಲಿಲ್ಲ. ತಮಗೆ ಇನ್‌ಪುಟ್ ಕ್ರೆಡಿಟ್ ಸಿಗಲಿಲ್ಲವೆಂದು ಅವರು ನಾಲ್ಕು ಲಕ್ಷದ ಬಿಲ್ಲಿನ ಮೇಲಿನ ತೆರಿಗೆಯ 72,000 ರೂಪಾಯಿ ತಡೆಹಿಡಿದರು. ತಡವಾಗಿ ಸಲ್ಲಿಸಿದ್ದು ಮುಂದಿನ ತಿಂಗಳ 2ಬಿಗೆ ಹೋಗುವುದರಿಂದ, ಆ ಹಣಕ್ಕೆ ಮತ್ತೊಂದು 14ರ ತನಕ ಕಾಯಬೇಕಾಯಿತು.

ಅಕೌಂಟೆಂಟರು ಗುಣವಾಗಿ ಬಂದ ಮೇಲೆ ಕೆಲಸವನ್ನೆಲ್ಲ ಬರೆದುಕೊಡಿ ಎಂದು ಅವರನ್ನೇ ಕೇಳಿದ್ದು ನನ್ನ ಎರಡನೆಯ ತಪ್ಪು. ಅವರು ಕೊಟ್ಟ ಒಂದೂವರೆ ಪುಟದಲ್ಲಿ 'ಎಂದಿನಂತೆ ಹೊಂದಿಸುವುದು' ಎಂಬ ಮಾತು ಮೂರು ಕಡೆ ಇತ್ತು. ಕೈ ಪಳಗಿದವರಿಗೆ ತಾವು ಏನೇನು ಮಾಡುತ್ತಿದ್ದೇವೆಂಬುದೇ ಕಾಣುವುದಿಲ್ಲ. ಹಾಗಾಗಿ ಬಿಲ್ಲಿಂಗ್ ನೋಡುವ ಹುಡುಗಿಯನ್ನು ಟ್ಯಾಲಿಯ ಮುಂದೆ ಕೂರಿಸಿದೆವು; ಅವಳೇ ಮಾಡಬೇಕು, ಅವಳೇ ಬರೆಯಬೇಕು, ಅಕೌಂಟೆಂಟರು ಪಕ್ಕದಲ್ಲಿದ್ದು ಬಾಯಲ್ಲಿ ಹೇಳಬಹುದೇ ಹೊರತು ಮೌಸ್ ಮುಟ್ಟುವಂತಿಲ್ಲ. ಅವಳ ಟಿಪ್ಪಣಿ ಹನ್ನೊಂದು ಪುಟವಾಯಿತು. ಪಾಸ್‌ವರ್ಡ್‌ಗಳನ್ನು ಅದರಲ್ಲಿ ಬರೆಯದೆ, ಮುಚ್ಚಿದ ಲಕೋಟೆಯಲ್ಲಿ ನನ್ನ ಬೀರುವಿನಲ್ಲಿ ಇಟ್ಟಿದ್ದೇವೆ.

ಎರಡು ತಿಂಗಳ ನಂತರ ಅಕೌಂಟೆಂಟರಿಗೆ ಬೇಕೆಂದೇ 7ರಿಂದ 13ರವರೆಗೆ ರಜೆ ಕೊಟ್ಟು, ಯಾರೂ ಫೋನ್ ಮಾಡಕೂಡದೆಂದು ಹೇಳಿದೆ. ಹುಡುಗಿ 10ರಂದು ಒಂದು ಕಡೆ ಸಿಲುಕಿಕೊಂಡಳು: ಬಣ್ಣ ಎದ್ದು ವಾಪಸಾದ ಮಾಲಿನ ಕ್ರೆಡಿಟ್ ನೋಟನ್ನು ಎಲ್ಲಿ ತೋರಿಸಬೇಕೆಂಬುದು ಹನ್ನೊಂದು ಪುಟದಲ್ಲಿ ಎಲ್ಲೂ ಇರಲಿಲ್ಲ, ಏಕೆಂದರೆ ಅವಳು ಕಲಿತ ಆ ಎರಡು ತಿಂಗಳಲ್ಲಿ ಮಾಲು ವಾಪಸಾಗಿರಲಿಲ್ಲ. ಹಳೆಯ ಸಲ್ಲಿಕೆಗಳನ್ನು ತೆಗೆದು ನೋಡಿ, ಅರ್ಧ ದಿನ ಹೆಣಗಿ, 11ರ ಸಂಜೆ ಸಲ್ಲಿಸಿದಳು. ಹನ್ನೆರಡನೆಯ ಪುಟವನ್ನು ಅದೇ ರಾತ್ರಿ ಬರೆದಳು. ವರ್ಷಕ್ಕೊಮ್ಮೆ ಬರುವ ಜಿಎಸ್‌ಟಿಆರ್-9 ಇನ್ನೂ ಅಕೌಂಟೆಂಟರೊಬ್ಬರಿಗೇ ಗೊತ್ತಿರುವ ಕೆಲಸ. ಡಿಸೆಂಬರ್ 31ರ ಗಡುವಿಗೆ ಮುಂಚೆ ಅದಕ್ಕೂ ಅವಳನ್ನು ಕೂರಿಸಬೇಕಿದೆ.