ಕಛೇರಿಯಲ್ಲಿ ಕೇಳಿದ ಆ ಸಿಂಫನಿ ಭಾಗ ಯಾವುದು? ನಾಲ್ಕು ದಾರಿ ಹಿಡಿದು ನೋಡಿದೆ

ಮೊದಲೇ ಹೇಳಿಬಿಡ್ತೀನಿ. ನನಗೆ ಕೆಲಸಕ್ಕೆ ಬಂದದ್ದು ಸ್ವರ ಬರೆದಿಟ್ಟುಕೊಂಡು, ಜೊತೆಗೆ ವಾದ್ಯಗಳು ಬಂದ ಕ್ರಮವನ್ನೂ ಬರೆದು, ಲೈಬ್ರರಿಯಲ್ಲಿ ಹುಡುಕುವ ಹಳೇ ದಾರಿ. ಉಳಿದ ಮೂರನ್ನೂ ಅದಕ್ಕಿಂತ ಮೊದಲೇ ಪ್ರಯತ್ನಿಸಿದ್ದೆ. ಅದರಲ್ಲೊಂದಕ್ಕೆ 14 ಯೂರೋ ಕೊಟ್ಟು ಬೇಡದ ಸಿಡಿ ಮನೆಗೆ ತಂದೆ.

ಕೆಲಸದ ಮೇಲೆ ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದೇನೆ. ಒಂದು ಸಂಜೆ ಚರ್ಚಿನಲ್ಲಿ ವಿದ್ಯಾರ್ಥಿಗಳ ಆರ್ಕೆಸ್ಟ್ರಾ ಇತ್ತು. ಬೇರೆ ಬೇರೆ ಸಿಂಫನಿಗಳಿಂದ ಒಂದೊಂದೇ ಭಾಗ ಆರಿಸಿ ನುಡಿಸುತ್ತಿದ್ದರು. ನಾನು ಹೋಗುವಷ್ಟರಲ್ಲಿ ಕಾರ್ಯಕ್ರಮದ ಹಾಳೆ ಖಾಲಿಯಾಗಿತ್ತು. ವೇದಿಕೆಯಿಂದ ಹೇಳಿದ ಜರ್ಮನ್ ನನಗೆ ಸಿಗದಷ್ಟು ವೇಗವಾಗಿತ್ತು. ಮೂರನೆಯದಾಗಿ ಬಂದ ಭಾಗ ಮನಸ್ಸಿನಿಂದ ಹೋಗಲೇ ಇಲ್ಲ. ಟಿಂಪನಿ ಅಂದರೆ ಆ ದೊಡ್ಡ ತಾಮ್ರದ ಡ್ರಮ್ಮು ಮೆಲ್ಲಗೆ ಎರಡೇ ಸ್ವರ ಬಾರಿಸುತ್ತಿತ್ತು, ನಡೆಯುವ ಹೆಜ್ಜೆಯ ಹಾಗೆ. ಅದರ ಮೇಲೆ ಡಬಲ್ ಬೇಸ್ ಒಂಟಿಯಾಗಿ, ಗಂಟಲು ಕಟ್ಟಿದವರ ಹಾಗೆ, ಒಂದು ಪುಟ್ಟ ರಾಗ ಎತ್ತಿಕೊಂಡಿತು. ಆಮೇಲೆ ಅದೇ ರಾಗವನ್ನು ಬಸೂನ್, ಚೆಲ್ಲೊ, ಟ್ಯೂಬಾ ಒಬ್ಬರ ಹಿಂದೆ ಒಬ್ಬರು ಹಿಡಿದುಕೊಂಡು ಬಂದರು. ಅದಕ್ಕೆ ಸೇರದ ಹಾಗೆ ಮೇಲಿಂದ ಓಬೊ ಬೇರೆಯೇ ಒಂದು ಚುರುಕಾದ ಮಾತು ಆಡುತ್ತಿತ್ತು.

ಅಲ್ಲಿಂದ ಮುಂದಿನದು ಹುಡುಕಾಟ.

ಫೋನಿಗೆ ಕೇಳಿಸಿ ಹೆಸರು ಹೇಳಿಸುವ ಆ್ಯಪ್ ಬಗ್ಗೆ ಎರಡೇ ಮಾತು. ಅವು ಹೋಲಿಸುವುದು ಒಂದು ನಿರ್ದಿಷ್ಟ ರೆಕಾರ್ಡಿಂಗ್ ಜೊತೆ. ಎದುರಿಗೆ ನುಡಿಸುತ್ತಿರುವ ಆರ್ಕೆಸ್ಟ್ರಾ ಯಾವ ರೆಕಾರ್ಡಿಂಗೂ ಅಲ್ಲ, ಹಾಗಾಗಿ ಅಲ್ಲಿ ಸಿಗದಿದ್ದರೆ ಆಶ್ಚರ್ಯವಿಲ್ಲ. ಕಛೇರಿ ನಡುವೆ ಫೋನ್ ಎತ್ತಿ ಹಿಡಿಯುವುದೂ ನನಗೆ ಇಷ್ಟವಿಲ್ಲ.

ಮನೆಗೆ ಬಂದು ಗುನುಗಿ ಹುಡುಕುವುದನ್ನು ಮಾಡಿದೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ನನ್ನ ಒಂದು ವಾರ ಹಾಳಾದದ್ದು ಇಲ್ಲೇ. ನಾನು ಗುನುಗಿದೆ, ಅದು ಕೊಟ್ಟ ಉತ್ತರ 'ಆರ್ ಯು ಸ್ಲೀಪಿಂಗ್, ಬ್ರದರ್ ಜಾನ್'. ನಮ್ಮ ಎಲ್‌ಕೆಜಿ ಮಕ್ಕಳು ಹಾಡುವ ಹಾಡು! ಮತ್ತೆ ಗುನುಗಿದೆ, ನಿಧಾನ ಮಾಡಿದೆ, ಶ್ರುತಿ ಇಳಿಸಿದೆ. ಪ್ರತಿ ಸಲವೂ ಅದೇ ಹಾಡು, ಅದರ ಫ್ರೆಂಚ್ ರೂಪ, ಜರ್ಮನ್ ರೂಪ, ಕಾರ್ಟೂನ್ ರೂಪ. ಉಪಕರಣ ಕೆಟ್ಟಿದೆ ಅಂದುಕೊಂಡು ಬಿಟ್ಟುಬಿಟ್ಟೆ.

ಅದು ಹೇಳಿದ್ದು ಸರಿಯೇ ಇತ್ತು ಅಂತ ತಿಳಿದದ್ದು ಆಮೇಲೆ. ರಾಗದ ಎಲುಬು ನಿಜವಾಗಿಯೂ ಆ ಮಕ್ಕಳ ಹಾಡಿನದೇ. ಬದಲಾದದ್ದು ಮುಖ್ಯವಾಗಿ ಒಂದು ಸ್ವರ. ಮಕ್ಕಳ ಹಾಡಿನಲ್ಲಿರುವುದು ಶಂಕರಾಭರಣದ ಅಂತರ ಗಾಂಧಾರ. ನಾನು ಕೇಳಿದ್ದರಲ್ಲಿ ಅದು ಅರ್ಧ ಮೆಟ್ಟಿಲು ಕೆಳಗಿಳಿದು, ಖರಹರಪ್ರಿಯದಲ್ಲಿ ಬರುವ ಸಾಧಾರಣ ಗಾಂಧಾರ ಆಗಿತ್ತು. ಅಷ್ಟಕ್ಕೇ ಆಟದ ಹಾಡು ಶವಯಾತ್ರೆಯಾಗುತ್ತದೆ. ಗುನುಗಿ ಹುಡುಕುವ ಉಪಕರಣ ನಮ್ಮಂಥವರ ಶ್ರುತಿ ತಪ್ಪುಗಳನ್ನು ಕ್ಷಮಿಸಬೇಕಲ್ವಾ? ಅಷ್ಟು ಕ್ಷಮಿಸುವುದಕ್ಕೆ ಹೋದಾಗ ಅರ್ಧ ಮೆಟ್ಟಿಲಿನ ವ್ಯತ್ಯಾಸವೂ ಕ್ಷಮೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಇನ್ನು ಡಬಲ್ ಬೇಸ್, ಟಿಂಪನಿ, ಓಬೊ ಇವೆಲ್ಲ ನನ್ನ ಗುನುಗುವಿಕೆಯಲ್ಲಿ ಇರಲೇ ಇಲ್ಲ. ಗುರುತು ಹಿಡಿಯಲು ಬೇಕಿದ್ದ ಅರ್ಧ ಸಾಕ್ಷಿಯನ್ನು ನಾನೇ ಹೊರಗೆ ಬಿಟ್ಟಿದ್ದೆ.

ಏರಿಳಿತವನ್ನು ಅಕ್ಷರದಲ್ಲಿ ಬರೆದು ಹುಡುಕುವ ಪಾರ್ಸನ್ಸ್ ಕೋಡ್‌ನಲ್ಲೂ ಇದೇ ತೊಡಕು. ಡೆನಿಸ್ ಪಾರ್ಸನ್ಸ್ 1975ರಲ್ಲಿ ಪುಸ್ತಕವಾಗಿ ತಂದ ವಿಧಾನ ಇದು. ಮೊದಲ ಸ್ವರಕ್ಕೆ ನಕ್ಷತ್ರ, ಆಮೇಲಿನ ಪ್ರತಿ ಸ್ವರಕ್ಕೂ ಮೇಲೆ ಹೋದರೆ U, ಕೆಳಗಿಳಿದರೆ D, ಅಲ್ಲೇ ನಿಂತರೆ R. ನನ್ನ ರಾಗದ ಮೊದಲ 14 ಸ್ವರ ಹೀಗೆ ಬಂತು:

```
*UUDRUUDUUUDUU
```

ಸ್ವರಜ್ಞಾನ ಇಲ್ಲದವರೂ ಇದನ್ನು ಬರೆಯಬಹುದು, ಅದು ದೊಡ್ಡ ಗುಣ. ಆದರೆ ಎಷ್ಟು ಮೇಲೆ ಹೋಯಿತು ಅನ್ನುವುದು ಇದರಲ್ಲಿಲ್ಲ. ಮಕ್ಕಳ ಹಾಡಿಗೂ ನನ್ನ ರಾಗಕ್ಕೂ ಕೋಡ್ ಅಕ್ಷರಕ್ಕಕ್ಷರ ಒಂದೇ. ಮತ್ತೆ ಬ್ರದರ್ ಜಾನ್ ಹತ್ತಿರವೇ ಬಂದು ನಿಂತೆ.

ಆಗ ವಯಲಿನ್ ಕಲಿತ ಗೆಳೆಯನೊಬ್ಬನಿಗೆ ಫೋನ್ ಮಾಡಿದೆ. ಸ್ವರ ಹೇಳಲಿಲ್ಲ, ಬರೀ ವರ್ಣನೆ ಹೇಳಿದೆ. "ನಿಧಾನದ ನಡೆ, ಶವಯಾತ್ರೆ ಥರ, ಕೆಳಗೆ ಡಬಲ್ ಬೇಸು, ಮೇಲೆ ಓಬೊ" ಅಂದೆ. ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ಬೀಥೋವನ್ ಮೂರನೇ ಸಿಂಫನಿ ಕಣೋ, ಎರಡನೇ ಭಾಗ. ಕಣ್ಣು ಮುಚ್ಚಿ ತಗೋ" ಅಂದ. ಹೋಗಿ ಸಿಡಿ ತಂದೆ. ಅವನ ತಪ್ಪೇನೂ ಇಲ್ಲ. ಅದೂ ಶವಯಾತ್ರೆಯ ನಡೆಯೇ, ಅಲ್ಲಿಯೂ ಡಬಲ್ ಬೇಸ್ ಶುರುವಿನಲ್ಲೇ ಡ್ರಮ್ಮಿನ ಸದ್ದನ್ನು ಅನುಕರಿಸುತ್ತದೆ, ಓಬೊ ರಾಗ ಹಾಡುತ್ತದೆ. ಆದರೆ ಅಲ್ಲಿ ರಾಗವನ್ನು ಮೊದಲು ಎತ್ತುವುದು ವಯಲಿನ್. ನಾನು ಕೇಳಿದ್ದರಲ್ಲಿ ಎತ್ತಿದ್ದು ಡಬಲ್ ಬೇಸ್. ಯಾವ ವಾದ್ಯ ಇತ್ತು ಅಂತ ಹೇಳಿದೆನೇ ಹೊರತು ಯಾವ ವಾದ್ಯ ಏನು ಮಾಡಿತು ಅಂತ ಹೇಳಿರಲಿಲ್ಲ.

ಈಗ ನನ್ನ ಮೆಚ್ಚಿನ ದಾರಿಗೆ ಬರ್ತೀನಿ.

ಬಾರ್ಲೊ ಮತ್ತು ಮಾರ್ಗನ್‌ಸ್ಟರ್ನ್ ಅನ್ನುವ ಇಬ್ಬರು 1948ರಲ್ಲಿ ಸಂಗೀತದ ಮುಖ್ಯ ರಾಗಗಳ ನಿಘಂಟು ತಂದರು. ಅದರಲ್ಲಿ ಸುಮಾರು 10,000 ರಾಗಗಳ ಆರಂಭದ ತುಣುಕುಗಳಿವೆ. ಪುಸ್ತಕದ ಕೊನೆಯ ಸೂಚಿಯಲ್ಲಿ ಎಲ್ಲ ರಾಗಗಳನ್ನೂ ಸಿ ಅನ್ನುವ ಒಂದೇ ಶ್ರುತಿಗೆ ತಂದು, ಸ್ವರಗಳ ಅಕ್ಷರದ ಪ್ರಕಾರ ಜೋಡಿಸಿದ್ದಾರೆ. ಇದನ್ನು ನೋಡಿದಾಗ ನನಗೆ ಖುಷಿಯಾಯಿತು. ಒಂದೇ ಶ್ರುತಿಗೆ ತರುವುದು ಅಂದರೆ ನಾವು ಚಿಕ್ಕಂದಿನಿಂದ ಮಾಡುವ ಕೆಲಸವೇ ತಾನೆ? ಷಡ್ಜ ಎಲ್ಲಿದ್ದರೂ ಅದು ಸ. ಸ ಅಂದರೆ ಸಿ, ರಿ ಅಂದರೆ ಡಿ, ಸಾಧಾರಣ ಗಾಂಧಾರ ಇ ಫ್ಲ್ಯಾಟ್, ಅಂತರ ಗಾಂಧಾರ ಇ, ಮ ಎಫ್, ಪ ಜಿ. ಇಷ್ಟು ಗೊತ್ತಿದ್ದರೆ ಸರಳೆ ಜಂಟಿ ವರಸೆ ಕಲಿತವರೆಲ್ಲ ಆ ಸೂಚಿ ಓದಬಹುದು.

ಕಷ್ಟ ಬರುವುದು ಸ ಯಾವುದು ಅಂತ ಕಂಡುಹಿಡಿಯುವುದರಲ್ಲಿ. ಆರ್ಕೆಸ್ಟ್ರಾದಲ್ಲಿ ತಂಬೂರಿ ಇರುವುದಿಲ್ಲ. ರಾಗ ಶುರುವಾಗುವ ಸ್ವರವೇ ಸ ಅಂತ ಹಿಡಿದರೆ ಎಷ್ಟೋ ಸಲ ತಪ್ಪಾಗುತ್ತದೆ. ನನ್ನನ್ನು ಇಲ್ಲಿ ಕಾಪಾಡಿದ್ದು ಆ ಟಿಂಪನಿ. ಅದು ಬಾರಿಸುತ್ತಿದ್ದ ಎರಡು ಸ್ವರಗಳನ್ನು ಬಾಯಲ್ಲಿ ಹೇಳಿಕೊಂಡು ನೋಡಿದೆ. ಸ, ಕೆಳಗಿನ ಪ. ಸ, ಕೆಳಗಿನ ಪ. ತಂಬೂರಿಯ ತಂತಿಗಳು ಹೇಳುವುದೇ ಅದು! ಡ್ರಮ್ಮನ್ನೇ ತಂಬೂರಿ ಅಂತ ಇಟ್ಟುಕೊಂಡು ಹಾಡಿದರೆ ರಾಗ ತಾನಾಗಿ ಬಂತು: ಸರಿಗಸ, ಸರಿಗಸ, ಗಮಪ, ಗಮಪ. ಗಾಂಧಾರ ಸಾಧಾರಣ. ಅಕ್ಷರಕ್ಕೆ ಇಳಿಸಿದರೆ ಸಿ, ಡಿ, ಇ ಫ್ಲ್ಯಾಟ್, ಸಿ, ಸಿ, ಡಿ.

ಜರ್ಮನಿಯಲ್ಲಿ ಇರುವವರಿಗೆ ಒಂದು ಎಚ್ಚರಿಕೆ. ಇಲ್ಲಿಯವರು ಬಿ ಅಂದರೆ ಬಿ ಫ್ಲ್ಯಾಟ್, ಬರೀ ಬಿ ಸ್ವರಕ್ಕೆ ಹೆಚ್ ಅಂತಾರೆ. ಆ ನಿಘಂಟು ಇಂಗ್ಲಿಷ್ ಪದ್ಧತಿಯದು. ನಿಷಾದ ಬರುವ ರಾಗವಾದರೆ ಇಲ್ಲಿಯವರನ್ನು ಕೇಳಿ ಬರೆದುಕೊಳ್ಳುವಾಗ ಗೊಂದಲವಾಗುತ್ತದೆ.

ಸೂಚಿಯಿಂದ ಸಿಕ್ಕ ಹೆಸರು ಗುಸ್ತಾವ್ ಮಾಲರ್, ಮೊದಲನೇ ಸಿಂಫನಿ, ಮೂರನೇ ಭಾಗ. ಆದರೆ ಒಮ್ಮೆ ಸಿಡಿ ತಂದು ಕೈ ಸುಟ್ಟುಕೊಂಡವನು ಅಷ್ಟಕ್ಕೇ ನಂಬಲಿಲ್ಲ. ವಾದ್ಯಗಳ ಪಟ್ಟಿ ಕೆಲಸಕ್ಕೆ ಬರುವುದು ಇಲ್ಲೇ. IMSLP ತಾಣದಲ್ಲಿ ಹಳೆಯ ಸ್ವರಲಿಪಿಗಳು ಪುಕ್ಕಟೆ ಸಿಗುತ್ತವೆ. ಮೂರನೇ ಭಾಗದ ಮೊದಲ ಪುಟ ತೆರೆದರೆ ಟಿಂಪನಿಯ ಸಾಲಿನಲ್ಲಿ ಎರಡೇ ಸ್ವರ, ಡಿ ಮತ್ತು ಎ. ಕೆಳಗೆ ಡಬಲ್ ಬೇಸ್, ಒಬ್ಬರೇ ನುಡಿಸಬೇಕು ಅನ್ನುವ ಸೂಚನೆ. ಉಳಿದೆಲ್ಲ ಸಾಲು ಖಾಲಿ. ಆಮೇಲೆ ಬಸೂನ್, ಚೆಲ್ಲೊ, ಟ್ಯೂಬಾ. ನನ್ನ ಚೀಟಿಯಲ್ಲಿ ಇನ್ನೂ ಎರಡು ಸಾಲು ಇದ್ದವು. "ನಡುವೆ ಜಾತ್ರೆಯ ಬ್ಯಾಂಡಿನ ಹಾಗೆ ತಾಳ, ದೊಡ್ಡ ಡ್ರಮ್ಮು, ಕೀರಲು ಕ್ಲಾರಿನೆಟ್" ಅಂತ ಒಂದು. "ಹಾರ್ಪ್, ಮೆಲುದನಿಯ ವಯಲಿನ್, ಜೋಗುಳದಂತೆ" ಅಂತ ಇನ್ನೊಂದು. ಸ್ವರಲಿಪಿಯಲ್ಲಿ ಎರಡೂ ಅದೇ ಕ್ರಮದಲ್ಲಿದ್ದವು. ಆ ಜೋಗುಳದಂಥ ರಾಗ ಮಾಲರ್ ತನ್ನದೇ ಇನ್ನೊಂದು ಹಾಡಿನಿಂದ ತಂದದ್ದು. ಮೊದಲ ರಾಗ ನಿಜವಾಗಿಯೂ ಮಕ್ಕಳ ಹಾಡು, ಅವನಿಗೆ ಗೊತ್ತಿದ್ದ ಹೆಸರು 'ಬ್ರೂಡರ್ ಮಾರ್ಟಿನ್'. ಬೇಟೆಗಾರನ ಶವವನ್ನು ಕಾಡಿನ ಪ್ರಾಣಿಗಳು ಹೊತ್ತುಕೊಂಡು ಹೋಗುವ ಒಂದು ಹಳೇ ಚಿತ್ರ ಅವನ ಮನಸ್ಸಿನಲ್ಲಿತ್ತು. ಮಕ್ಕಳ ಹಾಡು, ಶವಯಾತ್ರೆ, ಜಾತ್ರೆಯ ಬ್ಯಾಂಡು ಒಂದೇ ಕಡೆ ಯಾಕೆ ಸೇರಿದವು ಅಂತ ಆಗ ಅರ್ಥವಾಯಿತು. ಮಾಲರ್ ಈ ಸಿಂಫನಿಯ ಬಹುಪಾಲು ಬರೆದದ್ದು 1888ರಲ್ಲಿ, ಇದೇ ಲೈಪ್‌ಜಿಗ್‌ನಲ್ಲಿ ಕೆಲಸ ಮಾಡುತ್ತಿದ್ದಾಗ.

ಈ ದಾರಿಗೂ ಮಿತಿ ಇದೆ. ಸ್ವರಕ್ಕಿಂತ ಲಯವೇ ಮುಖ್ಯವಾದ ರಾಗ, ಒಂದೇ ಸ್ವರ ಮತ್ತೆ ಮತ್ತೆ ಬರುವ ರಾಗ ಸೂಚಿಯಲ್ಲಿ ಹುಡುಕುವುದು ಕಷ್ಟ, ಯಾಕಂದರೆ ಅಲ್ಲಿ ಲಯ ಇಲ್ಲ. ಅಂದು ರಾತ್ರಿಯೇ ಬರೆದಿಡಬೇಕು. ನಾನು ಟ್ರಾಮಿನಲ್ಲೇ ಬರೆದಿದ್ದರಿಂದ ವಾದ್ಯಗಳ ಕ್ರಮ ಉಳಿಯಿತು. ವಾದ್ಯವನ್ನೇ ಪೂರ್ತಿ ನೆಚ್ಚಿಕೊಳ್ಳಬಾರದು ಕೂಡ. ಮಾಲರ್ ಸಿಂಫನಿಯ ಸ್ವರಲಿಪಿಯ 1992ರ ಪರಿಷ್ಕೃತ ಆವೃತ್ತಿ ಆ ಆರಂಭದ ರಾಗವನ್ನು ಒಬ್ಬರಲ್ಲ, ಡಬಲ್ ಬೇಸಿನವರೆಲ್ಲ ಸೇರಿ ನುಡಿಸಬೇಕು ಅನ್ನುತ್ತದೆ. ಆ ರೀತಿ ನುಡಿಸಿದ್ದನ್ನು ಕೇಳಿದವರು "ಒಂಟಿ ಬೇಸ್" ಅಂತ ಬರೆದುಕೊಳ್ಳುವುದೇ ಇಲ್ಲ.

ಸ್ವರ ಗುರುತಿಸಲು ಬಾರದಿದ್ದರೆ ಪಾರ್ಸನ್ಸ್ ಕೋಡ್ ಬಳಸಿ, ಜೊತೆಗೆ ಯಾವ ವಾದ್ಯ ಏನು ನುಡಿಸಿತು ಅಂತ ತಪ್ಪದೆ ಬರೆದುಕೊಳ್ಳಿ. ನನ್ನ ಹಾಗೆ ನಾಲ್ಕು ವರ್ಷ ಪಾಠ ಕಲಿತು ಬಿಟ್ಟವರಿಗೆ ನಿಘಂಟೇ ಸಾಕು. ಲೈಬ್ರರಿಯಲ್ಲಿ ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಸರಿಯಾದ ಸಿಡಿ ಈಗ ಮನೆಯಲ್ಲಿದೆ. ಮೂರನೇ ಭಾಗ ಹಾಕುವ ಮುಂಚೆ ಶ್ರುತಿಪೆಟ್ಟಿಗೆಯನ್ನು ಡಿಗೆ ಇಟ್ಟು ಒಮ್ಮೆ ಸ, ಪ ಹೇಳಿಕೊಳ್ತೀನಿ. ಡ್ರಮ್ಮು ಬಂದು ಅದರ ಜೊತೆ ಸೇರಿಕೊಳ್ಳುತ್ತದೆ.