ಸ್ಕ್ರೀನ್‌ಶಾಟ್‌ನಿಂದ ಎಣಿಸಿದ್ದು, ಶೀಟ್‌ನಿಂದ ಎಣಿಸಿದ್ದು

ಧಾರವಾಡದ ನಮ್ಮ ಕಾಲೇಜಿನಲ್ಲಿ ಮಧ್ಯಾಹ್ನದ ಊಟದ ಬಗ್ಗೆ ಗೂಗಲ್ ಫಾರ್ಮ್ ಸಮೀಕ್ಷೆ ಮಾಡಿದೆವು. ಉತ್ತರಿಸಿದವರು 62 ಮಂದಿ. ಫಾರ್ಮ್ ಗೆಳತಿಯ ಖಾತೆಯಲ್ಲಿತ್ತು. ಅವಳು ಸಾರಾಂಶ ಪುಟದ ಚಿತ್ರಗಳನ್ನು ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದಳು. ವರದಿಯ ಅಂಕಿಗಳನ್ನು ನಾನು ಮೊದಲು ಆ ಚಿತ್ರಗಳಿಂದಲೇ ತೆಗೆದೆ, ಆಮೇಲೆ ಉತ್ತರಗಳ ಶೀಟ್ ತರಿಸಿಕೊಂಡು ಮತ್ತೆ ಎಣಿಸಿದೆ. ಎರಡೂ ಎಲ್ಲಿ ಕೂಡಿದವು, ಎಲ್ಲಿ ಬೇರೆಯಾದವು ಎಂಬುದನ್ನು ಹೇಳುತ್ತೇನೆ.

ಒಂದೇ ಉತ್ತರ ಆರಿಸುವ ಪ್ರಶ್ನೆಗೆ ದುಂಡು ಚಾರ್ಟ್ ಬರುತ್ತದೆ. ಅದರ ಮೇಲೆ ತಲೆಗಳ ಎಣಿಕೆ ಇರುವುದಿಲ್ಲ, ಶೇಕಡಾವಾರು ಮಾತ್ರ ಇರುತ್ತದೆ. 'ಹೆಚ್ಚಾಗಿ ಏನು ಊಟ ಮಾಡುತ್ತೀರಿ' ಎಂಬ ಪ್ರಶ್ನೆಗೆ ಮನೆಯ ಡಬ್ಬಿ 45.2, ಕ್ಯಾಂಟೀನ್ 27.4, ಗಿರ್ಮಿಟ್-ಮಿರ್ಚಿ 19.4 ಎಂದಿತ್ತು. 62ನ್ನು 45.2ರಿಂದ ಗುಣಿಸಿ 100ರಿಂದ ಭಾಗಿಸಿದರೆ 28.02, ಅಂದರೆ 28 ಮಂದಿ. ಉಳಿದೆರಡೂ ಹೀಗೆಯೇ 17 ಮತ್ತು 12 ಆದವು. ಇಷ್ಟು ಸಣ್ಣ ಸಮೀಕ್ಷೆಯಲ್ಲಿ ಒಬ್ಬರ ಪಾಲೇ ಶೇ 1.6ರಷ್ಟು ಇರುವುದರಿಂದ ಗುಣಾಕಾರದ ಫಲ ಪೂರ್ಣ ಸಂಖ್ಯೆಯ ಪಕ್ಕದಲ್ಲೇ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಒಟ್ಟು ಸಂಖ್ಯೆಯನ್ನೇ ತಪ್ಪಾಗಿ ಹಿಡಿದಿದ್ದೇವೆ ಎಂದರ್ಥ. ಇನ್ನೊಂದು ಪ್ರಶ್ನೆಯ 34.5ನ್ನು 62ರಿಂದ ಗುಣಿಸಿದಾಗ 21.39 ಬಂತು. ಚಿತ್ರವನ್ನು ಮತ್ತೆ ನೋಡಿದೆ. ಆ ಪ್ರಶ್ನೆ ಕಡ್ಡಾಯವಿರಲಿಲ್ಲ, ಅದರ ಕೆಳಗೆ 58 ಉತ್ತರಗಳೆಂದು ಸಣ್ಣ ಅಕ್ಷರದಲ್ಲಿತ್ತು. 58ರಿಂದ ಗುಣಿಸಿದರೆ 20.01, ಅಂದರೆ 20 ಮಂದಿ.

ಇಲ್ಲಿಯವರೆಗೆ ಸ್ಕ್ರೀನ್‌ಶಾಟ್ ನನ್ನ ಕೈಬಿಡಲಿಲ್ಲ. ಆದರೆ 28, 17, 12 ಕೂಡಿದರೆ 57. ಕರಡು ನೋಡಿದ ಮೇಡಂ, "ಉಳಿದ ಐವರು ಎಲ್ಲಿ?" ಎಂದು ಕೇಳಿದರು. ಆ ಐವರು ಚಾರ್ಟಿನ ಹಸಿರು ಮತ್ತು ನೇರಳೆ ಸೀಳುಗಳಲ್ಲಿದ್ದರು. ಸೀಳು ಕಿರಿದಾಗಿದ್ದರೆ ಅದರ ಮೇಲೆ ಅಂಕಿ ಬರೆಯಲು ಜಾಗವಿರುವುದಿಲ್ಲ. ಗೆಳತಿ ತನ್ನ ಪರದೆಯಲ್ಲಿ ಅದರ ಮೇಲೆ ಬಾಣ ಇಟ್ಟರೆ ಸಂಖ್ಯೆ ಕಾಣಿಸುತ್ತದೆ, ಚಿತ್ರದಲ್ಲಿ ಅದು ಇಲ್ಲ. ಹಸಿರು ಎಂದರೆ ಖಾನಾವಳಿ, ನೇರಳೆ ಎಂದರೆ ಊಟವನ್ನೇ ಬಿಡುವವರು. ನಮ್ಮ ಸಮೀಕ್ಷೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಖ್ಯೆಯೇ ಅಲ್ಲಿ ಅಡಗಿತ್ತು. ಸೀಳಿನ ಅಗಲ ನೋಡಿ ಊಹಿಸಲು ನನಗೆ ಮನಸ್ಸಾಗಲಿಲ್ಲ, ಶೀಟ್ ಕೇಳಿದೆ. ಮಿಂಚಂಚೆ ವಿಳಾಸದ ಕಾಲಂ ಅಳಿಸಿದ ಪ್ರತಿಯನ್ನೇ ಕಳಿಸು ಎಂದೆ. ಉತ್ತರಿಸಿದವರು ನಮ್ಮದೇ ತರಗತಿಯವರು, ಯಾರು ಹಸಿದಿರುತ್ತಾರೆಂದು ನಾನು ತಿಳಿಯಬೇಕಾಗಿಲ್ಲ.

ಶೀಟ್‌ನಲ್ಲಿ ಒಂದು ಸಾಲು ಸಾಕಾಯಿತು:

```
=COUNTIF(C2:C63,"ಊಟ ಬಿಡುತ್ತೇನೆ")
```

ಮೂವರು. ಖಾನಾವಳಿಗೆ ಇಬ್ಬರು. ಮೊದಲ ಮೂರು ಅಂಕಿಗಳು ಚಿತ್ರದಿಂದ ತೆಗೆದವೇ ಆಗಿದ್ದವು.

ನಿಜವಾದ ವ್ಯತ್ಯಾಸ ಕಂಡದ್ದು ಹಲವು ಉತ್ತರಗಳಿಗೆ ಟಿಕ್ ಹಾಕಬಹುದಾದ ಪ್ರಶ್ನೆಯಲ್ಲಿ. ಹೊರಗೆ ತಿನ್ನಲು ಕಾರಣವೇನೆಂಬುದಕ್ಕೆ ಪಟ್ಟಿ ಚಾರ್ಟ್ ಬಂದಿತ್ತು. ಸಮಯವಿಲ್ಲ 34 (54.8%), ಗೆಳೆಯರ ಜೊತೆ 26 (41.9%), ರುಚಿ 23 (37.1%). ಎಣಿಕೆ ಕಣ್ಣೆದುರಿಗೇ ಇರುವುದರಿಂದ ಇದು ಸುಲಭವೆಂದು ತೋರುತ್ತದೆ. ಶೇಕಡಾ ಕೂಡಿದರೆ ನೂರನ್ನು ಮೀರುತ್ತದೆ, ಅದು ತಪ್ಪಲ್ಲ, ಒಬ್ಬರೇ ಎರಡು ಮೂರು ಟಿಕ್ ಹಾಕಿದ್ದಾರೆ. ತಪ್ಪಾದದ್ದು ನನ್ನ ವಾಕ್ಯ. 'ಶೇ 96.7 ಮಂದಿ ಸಮಯ ಅಥವಾ ಗೆಳೆಯರ ಕಾರಣಕ್ಕೆ ಹೊರಗೆ ತಿನ್ನುತ್ತಾರೆ' ಎಂದು ಎರಡನ್ನು ಕೂಡಿ ಬರೆದುಬಿಟ್ಟಿದ್ದೆ. ಎರಡಕ್ಕೂ ಟಿಕ್ ಹಾಕಿದವರನ್ನು ಹೀಗೆ ಎರಡು ಸಲ ಎಣಿಸಿದಂತಾಯಿತು. ಅಂಥವರು ಎಷ್ಟೆಂದು ಚಾರ್ಟ್ ಹೇಳುವುದೇ ಇಲ್ಲ. ಅದರಿಂದ ತಿಳಿಯುವುದಿಷ್ಟೇ: ಈ ಎರಡರಲ್ಲಿ ಒಂದನ್ನಾದರೂ ಆರಿಸಿದವರು 34ಕ್ಕಿಂತ ಕಡಿಮೆಯಿಲ್ಲ, 60ಕ್ಕಿಂತ ಹೆಚ್ಚಿಲ್ಲ.

ಶೀಟ್‌ನಲ್ಲಿ ಒಬ್ಬರ ಎಲ್ಲ ಟಿಕ್‌ಗಳೂ ಅಲ್ಪವಿರಾಮದೊಂದಿಗೆ ಒಂದೇ ಕೋಶದಲ್ಲಿರುತ್ತವೆ. ಆದ್ದರಿಂದ ಪದದ ಎರಡೂ ಬದಿಗೆ ನಕ್ಷತ್ರ ಚಿಹ್ನೆ ಹಾಕಬೇಕು, ಇಲ್ಲದಿದ್ದರೆ ಅದೊಂದಕ್ಕೇ ಟಿಕ್ ಹಾಕಿದವರು ಮಾತ್ರ ಲೆಕ್ಕಕ್ಕೆ ಬರುತ್ತಾರೆ.

```
=COUNTIFS(D2:D63,"*ಸಮಯ*",D2:D63,"*ಗೆಳೆಯ*")
```

15 ಬಂತು. 34ಕ್ಕೆ 26 ಕೂಡಿಸಿ 15 ಕಳೆದರೆ 45 ಮಂದಿ, ಶೇ 72.6. ನಾನು ಬರೆದಿದ್ದ 96.7 ಎಲ್ಲಿ, ಇದೆಲ್ಲಿ! ಹುಡುಕುವ ಪದ ಬೇರೆ ಆಯ್ಕೆಯೊಳಗೂ ಇದ್ದರೆ ಎಣಿಕೆ ಉಬ್ಬುತ್ತದೆ. ಹಾಗಾಗಿ ಪದವೊಂದನ್ನೇ ಮೊದಲು ಎಣಿಸಿ, ಚಾರ್ಟಿನ 34ಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಿಕೊಂಡೆ. ಸ್ಕ್ರೀನ್‌ಶಾಟ್ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ತಾಳೆ ನೋಡುವುದಕ್ಕೇ.

ಮುಂದಿನ ಸಲ ಒಂದೇ ಉತ್ತರದ, ಎಲ್ಲ ಸೀಳುಗಳಲ್ಲೂ ಅಂಕಿ ಇರುವ ಪ್ರಶ್ನೆಗಳಿಗೆ ಮಾತ್ರ ಚಿತ್ರವನ್ನು ನೆಚ್ಚುತ್ತೇನೆ. ಟಿಕ್ ಪ್ರಶ್ನೆಗಳಿಗೆ ಮೊದಲೇ ಶೀಟ್ ಕೇಳುತ್ತೇನೆ.

ವಾಕ್ಯಗಳನ್ನೂ ತಿದ್ದಿದೆ. 'ಬಹುಪಾಲು ವಿದ್ಯಾರ್ಥಿಗಳು ಡಬ್ಬಿ ತರುತ್ತಾರೆ' ಎಂದಿತ್ತು. ಆದರೆ 28 ಎಂಬುದು 62ರ ಅರ್ಧವೂ ಅಲ್ಲ, ಫಾರ್ಮ್ ಹೋದದ್ದೂ ನಮ್ಮ ತರಗತಿಯ ಗುಂಪಿಗೆ ಮಾತ್ರ. ಈಗ ವರದಿಯಲ್ಲಿ ಹೀಗಿದೆ: 'ನಮ್ಮ ತರಗತಿಯಲ್ಲಿ ಉತ್ತರಿಸಿದ 62 ಮಂದಿಯಲ್ಲಿ 28 ಮಂದಿ (ಶೇ 45.2) ಹೆಚ್ಚಾಗಿ ಮನೆಯ ಡಬ್ಬಿ ತರುತ್ತಾರೆ, ಮೂವರು ಮಧ್ಯಾಹ್ನ ಊಟ ಮಾಡುವುದಿಲ್ಲ.'